‘ಅಗರ್’ ಇಲ್ಲದ ಕ್ಷಮೆ

ಮುಂಡಗೋಡದ ಟಿಬೆಟನ್ ಕಾಲೊನಿ 1966ರಲ್ಲಿ ಶುರುವಾದದ್ದು. ಈಗ ಕ್ಯಾಂಪುಗಳಲ್ಲಿ ಇಲ್ಲಿಯೇ ಹುಟ್ಟಿ ಬೆಳೆದ ತಲೆಮಾರುಗಳಿವೆ. ಸುತ್ತಲಿನ ಹಳ್ಳಿಗಳ ಹುಡುಗರಿಗೂ ಅವರಿಗೂ ಹೊಲದ ವ್ಯವಹಾರವಿದೆ, ಸ್ನೇಹವಿದೆ, ಆಗಾಗ ಜಗಳವೂ ಇದೆ. ಇಬ್ಬರ ಮನೆಮಾತೂ ಬೇರೆಯಾದಾಗ ನಡುವೆ ಓಡಾಡುವುದು ಎಷ್ಟೋ ಸಲ ಹಿಂದಿಯೇ. ಜಗಳವಾಡುವಷ್ಟು ಹಿಂದಿ ಎಲ್ಲರಿಗೂ ಬರುತ್ತದೆ. ಕ್ಷಮೆ ಕೇಳುವ ಹಿಂದಿ ಮಾತ್ರ ಸಿನಿಮಾದಿಂದ ಬಂದದ್ದು, ಅದಕ್ಕೇ ಅದು ಹಗುರವಾಗುತ್ತದೆ, ಇಲ್ಲವೇ ಅತಿಯಾಗುತ್ತದೆ.

ಒಂದು ಸಂದರ್ಭ ಊಹಿಸಿಕೊಳ್ಳೋಣ. ಪಾಳಾದ ರೈತನೊಬ್ಬ ಕ್ಯಾಂಪಿನ ಗೆಳೆಯನಿಗೆ ಗೋವಿನಜೋಳ ಬಿತ್ತಲು ಟ್ರ್ಯಾಕ್ಟರ್ ಕೂರಿಗೆ ತರುತ್ತೇನೆಂದು ಮಾತು ಕೊಟ್ಟಿದ್ದ. ಆ ದಿನ ಬೇರೆಯವರ ಹೊಲಕ್ಕೆ ಹೋದ. ಮರುದಿನ ಮಳೆ ಹಿಡಿಯಿತು, ಬಿತ್ತನೆ ಮುಂದಕ್ಕೆ ಬಿತ್ತು. ಚಹಾದ ಅಂಗಡಿಯಲ್ಲಿ ಗೆಳೆಯ ಕೇಳಿದಾಗ ಇವನು ನಾಲ್ಕು ಜನರ ಎದುರು, ‘ನೀ ಹೊರಗಿನವ, ನಿನಗೇನು ಗೊತ್ತು ನಮ್ಮ ಕಷ್ಟ’ ಅಂದುಬಿಟ್ಟ. ಗೆಳೆಯ ಚಹಾ ಬಿಟ್ಟು ಎದ್ದು ಹೋದ.

ರಾತ್ರಿ ಇವನ ಕೈಗೆ ಮೊದಲು ಬರುವ ಮೆಸೇಜು ಹೀಗಿರುತ್ತದೆ: ‘ಸಾರಿ ಯಾರ್, ಅಗರ್ ಬುರಾ ಲಗಾ ಹೋ ತೋ ಮಾಫ್ ಕರ್ ದೋ, ಲೇಕಿನ್ ತುಮ್ ಭೀ ಸಮಝೋ.’ ಇದು ನಮ್ಮ ಸಮಾರಂಭಗಳ ‘ತಪ್ಪಾಗಿದ್ದರೆ ಕ್ಷಮಿಸಿ’ ಎಂಬ ಮಾತಿನ ತಮ್ಮ. ಗೆಳೆಯ ಎದ್ದು ಹೋದದ್ದನ್ನು ಕಣ್ಣಾರೆ ಕಂಡಮೇಲೂ ‘ಅಗರ್’ ಅಂದರೆ, ನೋವಾಯಿತೋ ಇಲ್ಲವೋ ಎಂದು ಅವನೇ ಸಾಬೀತು ಮಾಡಬೇಕು ಎಂದಂತೆ. ‘ಲೇಕಿನ್’ ಬಂದ ಕೂಡಲೇ ಜಗಳ ಮತ್ತೆ ಶುರು.

‘ಮುಝಸೆ ಗಲತೀ ಹೋ ಗಯೀ’ ಎಂಬುದು ಇದಕ್ಕಿಂತ ವಾಸಿ. ಆದರೂ ಅದರಲ್ಲಿ ತಪ್ಪು ತಾನಾಗಿ ಆದದ್ದು. ಟ್ರ್ಯಾಕ್ಟರನ್ನು ಬೇರೆ ಹೊಲಕ್ಕೆ ಹೊಡೆದುಕೊಂಡು ಹೋದದ್ದು ತಾನಾಗಿ ಆದದ್ದಲ್ಲ. ಅಲ್ಲಿ ‘ಮೈನೆ’ ಬೇಕು, ಮಾಡಿದ್ದೇನೆಂಬ ಹೆಸರೂ ಬೇಕು. 2016ರಲ್ಲಿ ಅಮೆರಿಕದ ರಾಯ್ ಲೆವಿಕಿ ಮತ್ತು ಸಂಗಡಿಗರು ಕ್ಷಮಾಪಣೆಯ ಆರು ಅಂಶಗಳನ್ನು ಹೋಲಿಸಿ ನೋಡಿದ್ದರು. ಹೆಚ್ಚು ತೂಗಿದ್ದು ಹೊಣೆ ಒಪ್ಪಿಕೊಳ್ಳುವುದು, ಅದರ ನಂತರ ಸರಿಪಡಿಸುತ್ತೇನೆ ಎನ್ನುವುದು. ಎಲ್ಲಕ್ಕಿಂತ ಕಡಿಮೆ ತೂಗಿದ್ದು ‘ಕ್ಷಮಿಸು’ ಎಂಬ ಬೇಡಿಕೆ. ನಾವು ಹೆಚ್ಚಾಗಿ ಬರೆಯುವುದು ಆ ಕೊನೆಯದನ್ನೇ, ಅದೂ ಮೂರು ಮೂರು ಸಲ.

ಹಾಗಾದರೆ ಹೀಗೆ ಬರೆಯಬಹುದು:

‘ಆಜ್ ಮೈನೆ ಸಬ್ ಕೇ ಸಾಮನೆ ತುಮ್ಹೇ ಬಾಹರ್ ಕಾ ಆದ್ಮೀ ಕಹಾ. ವೋ ಗಲತ್ ಥಾ. ಟ್ರ್ಯಾಕ್ಟರ್ ಕಾ ವಾದಾ ಭೀ ಮೈನೆ ತೋಡಾ. ಮಾಫ್ ಕರನಾ. ಗುರುವಾರ್ ಸುಬಹ್ ಟ್ರ್ಯಾಕ್ಟರ್ ಖಾಲೀ ಹೈ, ತುಮ್ ಕಹೋ ತೋ ಲೇ ಆವೂಂಗಾ. ಜವಾಬ್ ಕೀ ಜಲ್ದೀ ನಹೀಂ ಹೈ.’

ಇದರಲ್ಲಿ ಮಳೆಯ ಮಾತಿಲ್ಲ. ಮಳೆ ಇವನ ತಪ್ಪಲ್ಲ, ಅದನ್ನು ಹೊತ್ತುಕೊಂಡರೆ ಉಳಿದ ಒಪ್ಪಿಗೆಯೂ ನಾಟಕವೆನಿಸುತ್ತದೆ. ನೆಪವಾಗಿ ಮುಂದಿಟ್ಟರೆ ಒಪ್ಪಿಗೆಯೇ ಉಳಿಯುವುದಿಲ್ಲ. ‘ಮೈ ಬಹುತ್ ಬುರಾ ಆದ್ಮೀ ಹೂಂ, ಪೈರ್ ಪಡ್ತಾ ಹೂಂ’ ಎಂಬುದೂ ಇಲ್ಲ. ಹಾಗೆ ಬರೆದರೆ ನೊಂದವನೇ ನೋಯಿಸಿದವನನ್ನು ಸಮಾಧಾನ ಮಾಡುತ್ತ ಕೂರಬೇಕಾಗುತ್ತದೆ. ‘ಮಾಫ್ ಕರ್ ದೋ’ ಈಗಲೇ ಕೊಡು ಎಂದು ಕೈ ಚಾಚುತ್ತದೆ. ‘ಮಾಫ್ ಕರನಾ’ ಅಷ್ಟು ಒತ್ತಾಯ ಮಾಡುವುದಿಲ್ಲ. ನಿನ್ನೆಯವರೆಗೆ ‘ತುಮ್’ ಅಂದವನು ಇಂದು ‘ಆಪ್’ ಅಂದರೆ ಗೌರವಕ್ಕಿಂತ ದೂರವೇ ಹೆಚ್ಚು ಕಾಣುತ್ತದೆ. ವ್ಯಾಕರಣದ ಭಯ ಬೇಡ. ‘ಮೈ ಗಲತ್ ಬೋಲಾ’ ಎಂದು ನಮ್ಮ ಕಡೆಯ ಹಿಂದಿಯಲ್ಲೇ ಬರೆದರೂ ಸರಿ, ದಿನಾ ಹಾಗೇ ಮಾತಾಡುವವನಾದರೆ ಅದೇ ಹೆಚ್ಚು ಅವನದೆನಿಸುತ್ತದೆ.

ಕಳಿಸಿದ ಮೇಲೆ ಕೆಡಿಸುವುದು ಆತುರ. ನೀಲಿ ಗೆರೆ ಬಂದಿದೆ, ಉತ್ತರವಿಲ್ಲ. ಬೆಳಿಗ್ಗೆ ‘ದೇಖಾ ಕ್ಯಾ?’, ಮಧ್ಯಾಹ್ನ ಕೈಮುಗಿಯುವ ಚಿತ್ರ, ಸಂಜೆಗೆ ‘ಇತನಾ ಭೀ ಕ್ಯಾ ಗುಸ್ಸಾ’. ಮೂರನೆಯದಕ್ಕೆ ಬರುವಷ್ಟರಲ್ಲಿ ತಪ್ಪು ಗೆಳೆಯನದಾಗಿರುತ್ತದೆ. ಉತ್ತರಕ್ಕೆ ಅವಸರವಿಲ್ಲ ಎಂದು ಬರೆದವನು ಆ ಮಾತನ್ನೂ ನಡೆಸಬೇಕು. ‘ಠೀಕ್ ಹೈ’ ಎಂದಷ್ಟೇ ಬಂದರೆ ‘ಗುರುವಾರ್ ಕಿತನೇ ಬಜೇ?’ ಎಂದು ಕೇಳಿದರೆ ಸಾಕು.

ಮೆಸೇಜು ಮಾಡಲಾಗದ ಕೆಲಸ ಒಂದಿದೆ. ‘ಹೊರಗಿನವ’ ಎಂಬ ಮಾತನ್ನು ಕೇಳಿಸಿಕೊಂಡ ನಾಲ್ವರು ಮೊಬೈಲಿನಲ್ಲಿಲ್ಲ. ಅಲ್ಲಿ ಹೇಳಿದ್ದನ್ನು ಅಲ್ಲಿಯೇ, ಅವರಿಗೂ ಕೇಳಿಸುವಂತೆ, ‘ಅವತ್ತು ನಾನು ಆಡಿದ್ದು ತಪ್ಪು’ ಎಂದು ಒಮ್ಮೆ ಹೇಳಬೇಕು. ಆಗ ಗೆಳೆಯ ಪಕ್ಕದಲ್ಲಿ ಇರಲೇಬೇಕೆಂದಿಲ್ಲ. ಗುರುವಾರ ಬಿತ್ತನೆ ಮುಗಿದಮೇಲೆ ಬಾಡಿಗೆಯನ್ನೂ ಎಂದಿನಷ್ಟೇ ತೆಗೆದುಕೊಳ್ಳಲಿ. ಬೇಡವೆಂದರೆ ಆ ಮಾತಿಗೆ ಬೆಲೆ ಕಟ್ಟಿ ಕೊಟ್ಟಂತಾಗುತ್ತದೆ, ಗೆಳೆಯನಿಗೆ ಅದನ್ನು ಒಪ್ಪುವುದೂ ಕಷ್ಟ, ತಳ್ಳುವುದೂ ಕಷ್ಟ.