ನಲವತ್ತನೇ ನಿಮಿಷದ ಮೈಲುತುತ್ತು

ಅಡಿಕೆ ಬೆಳೆಗಾರರ ಸಭೆಗಳ ವಿಡಿಯೊಗಳು ಯೂಟ್ಯೂಬಿನಲ್ಲಿ ರಾಶಿ ಬಿದ್ದಿವೆ. ಒಂದೊಂದೂ ಒಂದು ಗಂಟೆ, ಒಂದೂವರೆ ಗಂಟೆ. ಮಳೆಗಾಲ ಹೊಸ್ತಿಲಿಗೆ ಬಂದಾಗ ತೋಟದವರಿಗೆ ಬೇಕಾದದ್ದು ಒಂದೇ ಮಾತು: ಕೊಳೆರೋಗ ತಡೆಯುವ ಬೋರ್ಡೋ ದ್ರಾವಣಕ್ಕೆ ಮೈಲುತುತ್ತು ಎಷ್ಟು, ಸುಣ್ಣ ಎಷ್ಟು, ಯಾವುದನ್ನು ಯಾವುದಕ್ಕೆ ಹೊಯ್ಯಬೇಕು. ಆ ಉತ್ತರ ನಲವತ್ತನೇ ನಿಮಿಷದ ಹತ್ತಿರ ಎಲ್ಲೋ ಇರುತ್ತದೆ. ಅದಕ್ಕೂ ಮುಂಚೆ ಪ್ರಾರ್ಥನೆ, ಸ್ವಾಗತ, ಹಾರ, ಶಾಲು, ಅಧ್ಯಕ್ಷರ ಎರಡು ಮಾತು. ಆ ಎರಡು ಮಾತು ಎಷ್ಟು ಹೊತ್ತು ನಡೆಯುತ್ತದೆಂಬುದು ಸಭೆಗಳಿಗೆ ಹೋದವರಿಗೆಲ್ಲ ಗೊತ್ತು.

ಇಡೀ ಭಾಷಣವನ್ನು ಅಕ್ಷರಕ್ಕಿಳಿಸಿಕೊಂಡರೆ ಆ ಜಾಗ ಹುಡುಕಿ, ಅದನ್ನು ಲೇಖನ ಮಾಡುವುದು ಇಲ್ಲವೇ ವಿಡಿಯೊದಲ್ಲಿ ಅಧ್ಯಾಯವಾಗಿ ಗುರುತಿಸುವುದು ಸುಲಭ. 2022ರಲ್ಲಿ ಓಪನ್‌ಎಐ ಸಂಸ್ಥೆ ಉಚಿತವಾಗಿ ಬಿಟ್ಟ ವಿಸ್ಪರ್ ತಂತ್ರಾಂಶಕ್ಕೆ ಕನ್ನಡವೂ ಬರುತ್ತದೆ, ಇಂಗ್ಲಿಷಿನಷ್ಟು ಚೆನ್ನಾಗಿ ಬರುವುದಿಲ್ಲ, ಅಷ್ಟೆ. ಮದ್ರಾಸ್ ಐಐಟಿಯ ಎಐ4ಭಾರತ್ ತಂಡ ಭಾರತದ ಭಾಷೆಗಳಿಗೆಂದೇ ಇಂಥ ಸಾಧನಗಳನ್ನು ಮಾಡಿದೆ. ಯಾವುದನ್ನೇ ಬಳಸಿ, ಕೊನೆಗೆ ಕೈಗೆ ಬರುವ ಪಠ್ಯದಲ್ಲಿ ಪ್ರತಿ ತುಣುಕಿನ ಪಕ್ಕದಲ್ಲಿ ಅದು ಶುರುವಾದ ಮತ್ತು ಮುಗಿದ ಹೊತ್ತು ಇರುವಂತೆ ನೋಡಿಕೊಳ್ಳಿ. ಹೊತ್ತೇ ಇಲ್ಲದ ಪಠ್ಯದಿಂದ ಲೇಖನವನ್ನೇನೋ ಬರೆಯಬಹುದು, ವಿಡಿಯೊದ ಅಧ್ಯಾಯ ಗುರುತಿಸಲಾಗದು.

ಇನ್ನು ಹುಡುಕಾಟ. ಹೆಚ್ಚು ಸಲ ಬಂದ ಪದ ಯಾವುದು ಎಂದು ಎಣಿಸಿದರೆ ಮೇಲೆ ತೇಲುವುದು ‘ಅಂತ’, ‘ಅಂದ್ರೆ’, ‘ಈಗ’, ‘ಮತ್ತೆ’. ಅವುಗಳ ಕೆಳಗೆ ‘ಅಡಿಕೆ’. ಅಡಿಕೆ ಸಭೆಯಲ್ಲಿ ಅಡಿಕೆಯ ಹೆಸರು ಪ್ರತಿ ನಿಮಿಷವೂ ಬರುವುದರಿಂದ ಅದೂ ಉಪಯೋಗವಿಲ್ಲ. ಒಂದು ಕಡೆ ದಟ್ಟವಾಗಿ, ಬೇರೆಡೆ ವಿರಳವಾಗಿ ಬರುವ ಪದಗಳನ್ನು ನಾವೇ ಆರಿಸಬೇಕು: ಕೊಳೆ, ಬೋರ್ಡೋ, ತುತ್ತ, ಸುಣ್ಣ, ಸಿಂಪ. ಪೂರ್ತಿ ಪದದ ಬದಲು ಬುಡ ಕೊಟ್ಟರೆ ಸುಣ್ಣದ, ಸುಣ್ಣಕ್ಕೆ, ಸಿಂಪಡಿಸಿ, ಸಿಂಪಡಣೆ ಎಲ್ಲವೂ ಸಿಗುತ್ತವೆ. ಮೈಲುತುತ್ತು, ಮೈಲುತುತ್ತ, ಮೈಲ್ತುತ್ತ ಎಂದು ಯಂತ್ರ ಮೂರು ಬಗೆಯಲ್ಲಿ ಬರೆದರೂ ‘ತುತ್ತ’ ಎಂಬ ಬುಡ ಮೂರನ್ನೂ ಹಿಡಿಯುತ್ತದೆ. ಜೊತೆಗೆ ‘ಮರ ಹತ್ತುತ್ತಾರೆ’ ಎಂಬುದನ್ನೂ ಹಿಡಿದು ತರುತ್ತದೆ. ಆ ಕಸವನ್ನು ಕೈಯಾರೆ ಆರಿಸಿ ಬಿಸಾಡಬೇಕಾಗುತ್ತದೆ.

ಆಮೇಲೆ ಪಠ್ಯವನ್ನು ಎರಡೆರಡು ನಿಮಿಷದ ತುಂಡು ಮಾಡಿ, ಯಾವ ತುಂಡಿನಲ್ಲಿ ಈ ಪದಗಳು ಎಷ್ಟಿವೆ ಎಂದು ಎಣಿಸಿ. ಮೊದಲ ಮೋಸ ಇಲ್ಲೇ ಕಾದಿರುತ್ತದೆ. ಪದಗಳ ಒಂದು ದೊಡ್ಡ ಗುಂಪು ಶುರುವಿನಲ್ಲೇ ಸಿಗುತ್ತದೆ. ಅಲ್ಲಿಗೆ ಹೋಗಿ ಕೇಳಿದರೆ, ಇವತ್ತು ಕೊಳೆರೋಗ, ಬೋರ್ಡೋ, ಸುಣ್ಣದ ಗುಣಮಟ್ಟ, ಸಿಂಪಡಣೆ ಎಲ್ಲದರ ಬಗ್ಗೆ ತಜ್ಞರು ತಿಳಿಸಿಕೊಡಲಿದ್ದಾರೆ ಎಂದು ನಿರೂಪಕರು ಒಂದೇ ಉಸಿರಿನಲ್ಲಿ ಹೇಳುತ್ತಿರುತ್ತಾರೆ. ಪದಗಳೆಲ್ಲ ಇವೆ, ವಿಷಯ ಒಂದಿಷ್ಟೂ ಇಲ್ಲ. ಅದು ಊಟದ ಮನೆಯ ಬೋರ್ಡಿದ್ದಂತೆ. ತಿಂಡಿಯ ಹೆಸರೆಲ್ಲ ಅಲ್ಲಿದೆ, ತಿಂಡಿ ಒಳಗಿದೆ. ಇಂಥದ್ದನ್ನು ಬೇರ್ಪಡಿಸಲು ಒಂದು ಸರಳ ಉಪಾಯವಿದೆ. ಅದೇ ತುಂಡಿನಲ್ಲಿ ಕಿಲೋ, ಲೀಟರ್, ದಿನ, ಪರ್ಸೆಂಟ್ ಎಂಬ ಅಳತೆಯ ಪದಗಳೂ ಇವೆಯೇ ನೋಡಿ. ಇದ್ದರೆ ಅಲ್ಲಿ ಯಾರೋ ಕೆಲಸ ಹೇಳಿಕೊಡುತ್ತಿದ್ದಾರೆ ಎಂದರ್ಥ.

ಇನ್ನೊಂದು ಮೋಸ ಯಂತ್ರದ್ದೇ. ಸದ್ದಿಲ್ಲದ ಕಡೆ, ಚಪ್ಪಾಳೆಯ ನಡುವೆ ವಿಸ್ಪರ್ ಒಂದೇ ವಾಕ್ಯವನ್ನು ಹತ್ತಾರು ಸಲ ಬರೆದುಬಿಡುವುದುಂಟು. ಆ ವಾಕ್ಯದಲ್ಲಿ ‘ಸುಣ್ಣ’ ಇದ್ದರೆ ಎಣಿಕೆ ಸುಮ್ಮನೆ ಉಬ್ಬುತ್ತದೆ. ಒಂದೇ ಸಾಲು ಒತ್ತೊತ್ತಾಗಿ ಕಂಡರೆ ಅಳಿಸಿ, ಮತ್ತೆ ಎಣಿಸಿ.

ಈಗ ಸರಿಯಾದ ತುಂಡು ಸಿಕ್ಕಿತು ಎಂದುಕೊಳ್ಳಿ. ಅದನ್ನು ಹಾಗೇ ತೆಗೆದು ಲೇಖನ ಮಾಡಬಹುದೇ? ಓದಿ ನೋಡಿ. ತಜ್ಞರು ‘ಮೈಲುತುತ್ತು’ ಎಂದು ಒಮ್ಮೆ ಹೇಳಿ, ಮುಂದೆ ಹೀಗೆ ಸಾಗುತ್ತಾರೆ: ‘ಇದನ್ನ ಐವತ್ತು ಲೀಟರಲ್ಲಿ ಕರಗಿಸ್ಕೊಳ್ಳಿ, ಅದನ್ನ ಬೇರೆ ಡ್ರಮ್ಮಲ್ಲಿ ಇಟ್ಕೊಳ್ಳಿ, ಆಮೇಲೆ ಇದನ್ನ ಅದಕ್ಕೆ ಹಾಕಿ.’ ಎದುರಿಗೆ ಕೂತವರಿಗೆ ಕೈ ಯಾವ ಡ್ರಮ್ಮಿನ ಕಡೆ ತಿರುಗಿತು ಎಂಬುದು ಕಾಣುತ್ತದೆ. ಕಾಗದದ ಮೇಲೆ ‘ಇದು’ ಯಾವುದು, ‘ಅದು’ ಯಾವುದು? ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು. ತಿರುಗಾಮುರುಗಾ ಆದರೆ ದ್ರಾವಣ ಕೆಡುತ್ತದೆ. ಕೆಲಸದ ಮಾತು ಶುರುವಾದ ಕೂಡಲೇ ಹೆಸರುಗಳು ಮಾಯವಾಗಿ ಇದು, ಅದು ಬರುವುದರಿಂದ ಎಣಿಕೆಯಲ್ಲಿ ಆ ಜಾಗ ಸಪ್ಪೆಯಾಗಿ ಕಾಣುತ್ತದೆ. ಆದ್ದರಿಂದ ಪದಗಳು ದಟ್ಟವಾಗಿರುವ ಕಡೆ ನಿಲ್ಲದೆ ಮುಂದಿನ ನಾಲ್ಕೈದು ನಿಮಿಷವನ್ನೂ ಓದಬೇಕು. ಲೇಖನದ ತಿರುಳು ಸಾಮಾನ್ಯವಾಗಿ ಅಲ್ಲಿರುತ್ತದೆ.

ಸರ್ವನಾಮಗಳ ಜಾಗಕ್ಕೆ ಹೆಸರು ತುಂಬಿ, ‘ಅಲ್ವಾ’, ‘ಏನಪ್ಪಾ ಅಂದ್ರೆ’ಗಳನ್ನು ತೆಗೆದರೆ ಹೀಗೆ ನಿಲ್ಲುತ್ತದೆ: ಶೇಕಡಾ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತನ್ನು 50 ಲೀಟರ್ ನೀರಿನಲ್ಲಿ, 1 ಕಿಲೋ ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿ ಬೇರೆ ಬೇರೆ ಕಲಸಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಹೊಯ್ದು ಕದಡಬೇಕು. ತಿಕ್ಕಿ ಹೊಳೆಯಿಸಿದ ಕಬ್ಬಿಣದ ಕತ್ತಿ ಅದ್ದಿ ತೆಗೆದಾಗ ಅದರ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು, ಇನ್ನಷ್ಟು ಸುಣ್ಣದ ನೀರು ಸೇರಿಸಬೇಕು. ಸಭೆಯಲ್ಲಿ ಆರು ನಿಮಿಷ ಹಿಡಿದ ಮಾತು ಇಲ್ಲಿ ಮೂರು ವಾಕ್ಯವೂ ಆಗಲಿಲ್ಲ. ಕತ್ತಿಯ ಪರೀಕ್ಷೆಯನ್ನು ಮಾತ್ರ ಬಿಡಬೇಡಿ. ಅದರಲ್ಲಿ ನಮ್ಮ ಪಟ್ಟಿಯ ಪದಗಳು ಕಡಿಮೆ, ಆದರೆ ತೋಟದವರು ಮೊದಲು ಓದುವುದು ಅದನ್ನೇ.

ವಿಡಿಯೊದ ಅಧ್ಯಾಯಕ್ಕೆ ನಡೆ ಬೇರೆ. ಲೇಖನಕ್ಕೆ ಮುಂದೆ ಓದಿದೆವು, ಅಧ್ಯಾಯಕ್ಕೆ ಹಿಂದೆ ಹೋಗಬೇಕು. ಪದಗಳು ದಟ್ಟವಾದ ಕಡೆ ಗುರುತು ಹಾಕಿದರೆ ನೋಡುವವರು ವಾಕ್ಯದ ನಡುವೆ ಬಂದು ಬೀಳುತ್ತಾರೆ. ಕನ್ನಡದಲ್ಲಿ ಮಾತಾಡುವವರು ವಿಷಯ ಬದಲಿಸುವಾಗ ‘ಇನ್ನು’, ‘ಎರಡನೇದು’, ‘ಈಗ ಸಿಂಪಡಣೆಗೆ ಬರೋಣ’ ಎನ್ನುತ್ತಾರೆ, ಇಲ್ಲವೇ ಸಭಿಕರೊಬ್ಬರು ಪ್ರಶ್ನೆ ಕೇಳುತ್ತಾರೆ. ಆ ಮಾತು ಸಿಗುವ ತನಕ ಹಿಂದೆ ಸರಿದು, ಅದಕ್ಕೂ ಒಂದೆರಡು ಸೆಕೆಂಡ್ ಮೊದಲು ಗುರುತು ಹಾಕಿ. ಯೂಟ್ಯೂಬಿನಲ್ಲಿ ಇದನ್ನು ವಿಡಿಯೊದ ವಿವರಣೆಯಲ್ಲಿ ಬರೆದರೆ ಸಾಕು:

```
0:00 ಸ್ವಾಗತ, ಪರಿಚಯ
21:35 ಕೊಳೆರೋಗ ಹರಡುವ ಬಗೆ
38:10 ಬೋರ್ಡೋ ದ್ರಾವಣ ಮಾಡುವ ಕ್ರಮ
46:50 ಸಿಂಪಡಣೆ ಯಾವಾಗ, ಎಷ್ಟು ಸಲ
```

ಮೊದಲ ಸಾಲು 0:00 ಆಗಿರಬೇಕು, ಕಡಿಮೆಯೆಂದರೆ ಮೂರು ಗುರುತುಗಳು ಹೊತ್ತಿನ ಕ್ರಮದಲ್ಲಿರಬೇಕು, ಯಾವ ಅಧ್ಯಾಯವೂ 10 ಸೆಕೆಂಡಿಗಿಂತ ಕಿರಿದಾಗಿರಬಾರದು. ಇದರಲ್ಲಿ ಒಂದು ತಪ್ಪಿದರೂ ಅಧ್ಯಾಯಗಳು ಕಾಣಿಸುವುದಿಲ್ಲ. ‘ಭಾಗ 3’ ಎಂಬಂಥ ಹೆಸರು ಯಾರಿಗೂ ಬೇಡ. ತೋಟದವರು ಹುಡುಕುವಾಗ ಯಾವ ಪದ ಒತ್ತುತ್ತಾರೋ ಅದೇ ಹೆಸರಿನಲ್ಲಿರಲಿ.

ಕೊನೆಯದಾಗಿ ಅಂಕಿಗಳು. ಯಂತ್ರ ‘ಅರ್ಧ’ವನ್ನು ನುಂಗಬಹುದು, ‘ನಲವತ್ತೈದು ದಿನ’ವನ್ನು ‘ನಲವತ್ತು ಐದು ದಿನ’ ಎಂದು ಒಡೆಯಬಹುದು. ಪದ ತಪ್ಪಿದರೆ ಓದುವವರು ಊಹಿಸಿಕೊಳ್ಳುತ್ತಾರೆ, ಅಂಕಿ ತಪ್ಪಿದರೆ ನಂಬಿಬಿಡುತ್ತಾರೆ. ಪಠ್ಯದಲ್ಲಿರುವ ಒಂದೊಂದು ಅಂಕಿಯನ್ನೂ ವಿಡಿಯೊದ ಆ ಜಾಗಕ್ಕೆ ಹೋಗಿ ಕಿವಿಯಾರೆ ಕೇಳಿ ತಾಳೆ ನೋಡಿ. ಸುಣ್ಣ, ತುತ್ತಿನ ಅಳತೆಯಿರುವ ಸಾಲುಗಳನ್ನು ಭಾಷಣ ಮಾಡಿದವರಿಗೆ ಒಮ್ಮೆ ತೋರಿಸದೆ ಪ್ರಕಟಿಸಬೇಡಿ.