ಸಡಿಲಿಸುವ ಅಣುವಿಗೆ ಬಗ್ಗದ ನೆತ್ತರು

ಗರ್ಭದಲ್ಲಿರುವ ಕೂಸಿಗೆ ಬೇಕಾದ ಆಮ್ಲಜನಕವೆಲ್ಲ ತಾಯಿಯ ರಕ್ತದಿಂದ ಮಾಸಿನ ಮೂಲಕವೇ ಬರಬೇಕು. ಅಲ್ಲಿ ಎರಡು ರಕ್ತಗಳು ಬೆರೆಯುವುದಿಲ್ಲ. ತೆಳ್ಳನೆಯ ಪೊರೆಯ ಒಂದು ಬದಿಗೆ ತಾಯಿಯ ಹಿಮೋಗ್ಲೋಬಿನ್, ಇನ್ನೊಂದು ಬದಿಗೆ ಮಗುವಿನದು. ತಾಯಿಯ ಅಪಧಮನಿಯಲ್ಲಿ ಆಮ್ಲಜನಕದ ಒತ್ತಡ ಪಾದರಸದ 100 ಮಿಲಿಮೀಟರಿನ ಹತ್ತಿರ ಇರುತ್ತದೆ. ಮಾಸಿನಿಂದ ಹೊಕ್ಕುಳಬಳ್ಳಿಯಲ್ಲಿ ಮಗುವಿನತ್ತ ಹರಿಯುವ ರಕ್ತದಲ್ಲಿ ಅದು 30ರ ಆಸುಪಾಸಿಗೆ ಇಳಿದಿರುತ್ತದೆ. ಅಷ್ಟು ಕಡಿಮೆ ಒತ್ತಡದಲ್ಲಿ ದೊಡ್ಡವರ ಹಿಮೋಗ್ಲೋಬಿನ್ ಅರ್ಧಕ್ಕಿಂತ ತುಸು ಹೆಚ್ಚು ತುಂಬೀತು, ಅಷ್ಟೆ. ಭ್ರೂಣದ್ದು ಮುಕ್ಕಾಲು ಭಾಗ ತುಂಬಿಕೊಳ್ಳುತ್ತದೆ. ಹಾಗಾಗಿ ತಾಯಿಯ ಕಡೆಯಿಂದ ಬಿಟ್ಟ ಆಮ್ಲಜನಕ ಮಗುವಿನ ಕಡೆ ಸೇರಿ ನಿಲ್ಲುತ್ತದೆ.

ಮಗುವಿನ ಹಿಮೋಗ್ಲೋಬಿನ್‌ಗೆ ಈ ಬಿಗಿ ಎಲ್ಲಿಂದ ಬಂತು? ಕೆಂಪು ರಕ್ತಕಣದೊಳಗೆ ಬಿಪಿಜಿ ಎಂಬ ಚಿಕ್ಕ ಅಣುವಿದೆ, ಅದರ ಮೈತುಂಬ ಋಣ ವಿದ್ಯುದಂಶ. ದೊಡ್ಡವರ ಹಿಮೋಗ್ಲೋಬಿನ್‌ನಲ್ಲಿ ಎರಡು ಆಲ್ಫಾ, ಎರಡು ಬೀಟಾ ಸರಪಳಿಗಳಿರುತ್ತವೆ. ಬೀಟಾಗಳ ನಡುವಿನ ಪೊಳ್ಳಿನ ಅಂಚಿನಲ್ಲಿ ಧನ ವಿದ್ಯುದಂಶಗಳಿರುವುದರಿಂದ ಬಿಪಿಜಿ ಅಲ್ಲಿ ಹೋಗಿ ಕೂರುತ್ತದೆ. ಕೂತು, ಹಿಮೋಗ್ಲೋಬಿನ್ ಆಮ್ಲಜನಕ ಬಿಟ್ಟುಕೊಟ್ಟ ಆಕಾರದಲ್ಲೇ ಉಳಿಯುವಂತೆ ಮಾಡುತ್ತದೆ.

ಭ್ರೂಣದಲ್ಲಿ ಬೀಟಾದ ಜಾಗದಲ್ಲಿ ಗ್ಯಾಮಾ ಸರಪಳಿಗಳಿವೆ. ಬೀಟಾದ 143ನೇ ಸ್ಥಾನದಲ್ಲಿರುವುದು ಹಿಸ್ಟಿಡಿನ್. ಗ್ಯಾಮಾದಲ್ಲಿ ಅದೇ ಸ್ಥಾನಕ್ಕೆ ಬಂದಿರುವುದು ವಿದ್ಯುದಂಶವಿಲ್ಲದ ಸೆರೀನ್. ಆ ಒಂದು ಬದಲಾವಣೆಯಿಂದ ಬಿಪಿಜಿಗೆ ಅಲ್ಲಿ ಗಟ್ಟಿಯಾಗಿ ಕೂರಲಾಗುವುದಿಲ್ಲ. ಪ್ರಯೋಗಾಲಯದಲ್ಲಿ ಎರಡೂ ಹಿಮೋಗ್ಲೋಬಿನ್‌ಗಳಿಂದ ಬಿಪಿಜಿಯನ್ನು ತೆಗೆದುಬಿಟ್ಟರೆ ಈ ವ್ಯತ್ಯಾಸ ಬಹುಮಟ್ಟಿಗೆ ಅಳಿಸಿಹೋಗುತ್ತದೆ. ಅಂದರೆ ಭ್ರೂಣದ ಹಿಮೋಗ್ಲೋಬಿನ್ ತಾನಾಗಿ ಹೆಚ್ಚು ಬಲಶಾಲಿಯೇನಲ್ಲ, ತಾಯಿಯದನ್ನು ಸಡಿಲಿಸುವ ಅಣುವಿನ ಮಾತು ಅದು ಅಷ್ಟಾಗಿ ಕೇಳುವುದಿಲ್ಲ.

ಇಷ್ಟು ಬಿಗಿಯಾಗಿ ಹಿಡಿದದ್ದು ಮಗುವಿನ ಅಂಗಾಂಗಗಳಿಗೆ ಬಿಟ್ಟುಕೊಟ್ಟೀತೇ? ಕೊಡುತ್ತದೆ. ಅಲ್ಲಿ ಒತ್ತಡ ಇನ್ನೂ ಕಡಿಮೆ. ಆ ಮಟ್ಟದಲ್ಲಿ ಒತ್ತಡ ಸ್ವಲ್ಪ ಇಳಿದರೂ ಬಹಳಷ್ಟು ಆಮ್ಲಜನಕ ಕಳಚಿಕೊಳ್ಳುತ್ತದೆ. ಹುಟ್ಟಿದ ಮೇಲೆ ಶ್ವಾಸಕೋಶ ಕೆಲಸ ಶುರುಮಾಡುತ್ತದೆ, ಈ ಬಿಗಿಯ ಅಗತ್ಯ ತಪ್ಪುತ್ತದೆ. ಆರು ತಿಂಗಳಾಗುವಷ್ಟರಲ್ಲಿ ಮಗುವಿನ ರಕ್ತದಲ್ಲಿ ಬಹುಪಾಲು ದೊಡ್ಡವರ ಹಿಮೋಗ್ಲೋಬಿನ್ನೇ ಇರುತ್ತದೆ.

ಹಾಗಾದರೆ ಗ್ಯಾಮಾ ಇಲ್ಲದೆ ಭ್ರೂಣ ಬದುಕದೇ? 1963ರಲ್ಲಿ ನ್ಯೂಜಿಲೆಂಡಿನ ವೈದ್ಯ ವಿಲಿಯಂ ಲೈಲಿ ಆರ್‌ಎಚ್ ಹೊಂದಾಣಿಕೆಯಿಲ್ಲದೆ ಕೆಂಪುಕಣ ನಾಶವಾಗುತ್ತಿದ್ದ ಭ್ರೂಣಕ್ಕೆ ಗರ್ಭದಲ್ಲೇ ದಾನಿಯ ರಕ್ತಕಣ ಕೊಟ್ಟರು. ಈ ಚಿಕಿತ್ಸೆ ಇಂದಿಗೂ ನಡೆಯುತ್ತಿದೆ. ಮತ್ತೆಮತ್ತೆ ರಕ್ತ ಪಡೆದ ಇಂಥ ಭ್ರೂಣಗಳಲ್ಲಿ ಹರಿಯುವುದು ಹೆಚ್ಚಾಗಿ ದೊಡ್ಡವರ ಹಿಮೋಗ್ಲೋಬಿನ್. ಆದರೂ ಅವು ಬೆಳೆದು ಹುಟ್ಟುತ್ತವೆ. ಮಾಸಿನ ಎರಡೂ ಬದಿ ರಕ್ತ ರಭಸವಾಗಿ ಹರಿಯುವುದೂ ಮಗುವಿಗೆ ಆಸರೆಯೇ. ಗ್ಯಾಮಾ ಸರಪಳಿ ಈ ಏರ್ಪಾಡಿಗೆ ಒಂದಿಷ್ಟು ಹೆಚ್ಚಿನ ಭದ್ರತೆ ಸೇರಿಸುತ್ತದೆ, ಇಡೀ ಭಾರವನ್ನು ಒಂಟಿಯಾಗಿ ಹೊರುವುದಿಲ್ಲ.