ಗೇಣೆತ್ತರದ ಮಣೆ, ಒಂದು ಉಸಿರು

ನಮ್ಮ ದೇಹದೊಳಗೆ ನಡೆಯುವ ಕೆಲಸಗಳಲ್ಲಿ ಉಸಿರಾಟದ ರೀತಿಯೇ ಬೇರೆ. ಎದೆಬಡಿತ ನಮ್ಮ ಮಾತು ಕೇಳುವುದಿಲ್ಲ. ಕೈಕಾಲು ನಾವು ಹೇಳದೆ ಕದಲುವುದಿಲ್ಲ. ಉಸಿರು ಮಾತ್ರ ನಾವು ಮರೆತರೂ ತನ್ನಷ್ಟಕ್ಕೆ ಆಡುತ್ತಿರುತ್ತದೆ, ನಿಧಾನಿಸು ಅಂದರೆ ನಿಧಾನಿಸುತ್ತದೆ. ಪೂರ್ವದ ಆರ್ಥೊಡಾಕ್ಸ್ ಸಭೆಯ ಸಂನ್ಯಾಸಿಗಳು ಒಂದು ಪುಟ್ಟ ಪ್ರಾರ್ಥನೆಯನ್ನು ತಂದಿಟ್ಟದ್ದು ಇಂಥ ಉಸಿರಿನ ಮೇಲೆ. ನೆನೆದಾಗಲೆಲ್ಲ ನನಗೆ ಬೆರಗು.

ಪ್ರಾರ್ಥನೆ ಇಷ್ಟೇ: ‘ಕರ್ತನಾದ ಯೇಸು ಕ್ರಿಸ್ತನೇ, ದೇವರ ಕುಮಾರನೇ, ಪಾಪಿಯಾದ ನನ್ನನ್ನು ಕರುಣಿಸು.’ ಉಸಿರು ಒಳಗೆ ಬರುವಾಗ ಹೆಸರು, ಹೊರಗೆ ಹೋಗುವಾಗ ಬೇಡಿಕೆ. ಸಿನಾಯ್ ಬೆಟ್ಟದ ಮಠದಲ್ಲಿದ್ದ ಯೋಹಾನ ಕ್ಲಿಮಾಕಸ್ 7ನೇ ಶತಮಾನದಲ್ಲೇ ಯೇಸುವಿನ ಸ್ಮರಣೆಯನ್ನು ಉಸಿರಿಗೆ ಜೋಡಿಸುವಂತೆ ಬರೆದಿದ್ದರು.

ಕೂರುವ ಬಗೆಯನ್ನು ಬಿಡಿಸಿ ಹೇಳಿದವರಲ್ಲಿ ಒಬ್ಬರು ಸಿನಾಯ್‌ನ ಗ್ರೆಗರಿ. 14ನೇ ಶತಮಾನದಲ್ಲಿ ಅವರು ಗ್ರೀಸಿನ ಆಥೋಸ್ ಪರ್ವತಕ್ಕೆ ಬಂದಾಗ, ಅಷ್ಟೊಂದು ಮಠಗಳ ನಡುವೆ ಈ ಒಳಗಿನ ಪ್ರಾರ್ಥನೆಯ ಪರಿಚಯ ಅಲ್ಪಸ್ವಲ್ಪ ಇದ್ದವರು ಮೂವರೇ ಸಿಕ್ಕರೆಂದು ಅವರ ಶಿಷ್ಯ ಕಲ್ಲಿಸ್ತೋಸ್ ಬರೆದ ಚರಿತ್ರೆ ಹೇಳುತ್ತದೆ. ಗ್ರೆಗರಿ ಹೇಳಿದ ಏರ್ಪಾಡು ತೀರ ಸಾದಾ. ಬೆಳಗಿನ ಜಾವ, ಗೇಣೆತ್ತರದ ಒಂದು ಮಣೆ. ಅದರ ಮೇಲೆ ಕುಳಿತು ಬೆನ್ನು ಬಗ್ಗಿಸಿ, ತಲೆ ತಗ್ಗಿಸಿ, ಮನಸ್ಸನ್ನು ತಲೆಯಿಂದ ಎದೆಗೆ ಇಳಿಸಿ ಅಲ್ಲೇ ನಿಲ್ಲಿಸಬೇಕು. ಉಸಿರನ್ನು ತುಸು ತಡೆದು ಹಿಡಿಯಬೇಕು. ಹಾಗೆ ಕೂತರೆ ಕತ್ತು, ಭುಜ, ಎದೆ ನೋಯುತ್ತವೆ. ನೋವಾಯಿತೆಂದು ಬೇಗ ಏಳಬಾರದು ಎನ್ನುತ್ತಾರೆ. ಮನಸ್ಸು ದಣಿದರೆ ಪ್ರಾರ್ಥನೆಯ ಒಂದು ಅರ್ಧದಿಂದ ಇನ್ನೊಂದು ಅರ್ಧಕ್ಕೆ ಹೊರಳಬಹುದು. ಆದರೆ ಪದೇ ಪದೇ ಬೇಡ, ಮತ್ತೆ ಮತ್ತೆ ಕಿತ್ತು ನೆಟ್ಟ ಗಿಡ ಬೇರು ಬಿಡುವುದಿಲ್ಲ ಎಂಬುದು ಅವರ ಎಚ್ಚರಿಕೆ.

ಇದರ ಜೊತೆಗೆ ಬೇಕಾದದ್ದು ಮುಚ್ಚಿದ ಬಾಗಿಲು, ಮಂದ ಬೆಳಕು, ಕೈಯಲ್ಲಿ ಕರಿ ಉಣ್ಣೆಯ ಒಂದು ಹುರಿ. ಗ್ರೀಕರು ಅದನ್ನು ಕೊಂಬೊಸ್ಕಿನಿ ಅನ್ನುತ್ತಾರೆ, ರಷ್ಯನ್ನರು ಚೋತ್ಕಿ. ನೂರು ಗಂಟಿನದೂ ಉಂಟು, 33 ಗಂಟಿನದೂ ಉಂಟು. ಒಂದೊಂದು ಗಂಟಿನಲ್ಲೂ ಎಳೆಗಳು ಮತ್ತೆ ಮತ್ತೆ ಶಿಲುಬೆಯಾಗಿ ಹಾಯುತ್ತವೆ. ಉಣ್ಣೆಯಾದ್ದರಿಂದ ಎಣಿಸುವಾಗ ಮಣಿಗಳ ಹಾಗೆ ಟಿಕ್ ಎನ್ನುವುದಿಲ್ಲ. ಬೆರಳಿಗೆ ತಿಳಿಯುತ್ತದೆ, ಕಿವಿಗೆ ಬೀಳುವುದಿಲ್ಲ.

ಆ ಹುರಿ ಎಣಿಸುತ್ತ ನಡೆದವನ ಕತೆಯೊಂದಿದೆ. 19ನೇ ಶತಮಾನದ ರಷ್ಯಾದಲ್ಲಿ ಬಂದ ‘ಯಾತ್ರಿಕನ ದಾರಿ’ ಎಂಬ ಪುಸ್ತಕದ ಯಾತ್ರಿಕನ ಬಳಿ ಮೊದಲಿಗೆ ಇದ್ದದ್ದು ಜೋಳಿಗೆಯಲ್ಲಿ ಒಣ ರೊಟ್ಟಿ ಮತ್ತು ಬೈಬಲ್. ಅವನ ಗುರು ಹುರಿಯೊಂದನ್ನು ಕೊಟ್ಟು ಮೊದಲು ದಿನಕ್ಕೆ 3000 ಸಲ ಹೇಳಲು ಹಚ್ಚುತ್ತಾರೆ, ಆಮೇಲೆ 6000, ಆಮೇಲೆ 12,000. ಮೊದಮೊದಲು ಬೇಸರ, ನಾಲಿಗೆ ನೋವು. ಕೊನೆಗೊಂದು ಬೆಳಿಗ್ಗೆ ಪ್ರಾರ್ಥನೆಯೇ ಅವನನ್ನು ಎಬ್ಬಿಸುತ್ತದೆ. ಅವನು ಹೇಳುತ್ತಿದ್ದದ್ದು ಈಗ ತಾನಾಗಿ ನಡೆಯುತ್ತಿರುತ್ತದೆ. ನನ್ನ ಬೆರಗಿಗೆ ಕಾರಣ ಇಲ್ಲಿದೆ. ಇಚ್ಛೆಯಿಂದ ಶುರುವಾದ ಪ್ರಾರ್ಥನೆ ಇಚ್ಛೆಯನ್ನು ದಾಟಿ ಹೋಗಬೇಕಾದರೆ, ಎರಡೂ ಕಡೆಗೆ ಸೇರಿದ ಉಸಿರಿಗಿಂತ ಒಳ್ಳೆಯ ಜೊತೆ ಯಾವುದಿದ್ದೀತು?

ಆದರೂ ಹಿರಿಯರು ಉಸಿರನ್ನು ದೊಡ್ಡದು ಮಾಡಲಿಲ್ಲ. ದಕ್ಷಿಣ ಇಟಲಿಯ ಬಾರ್ಲಾಮ್ ಈ ಸಂನ್ಯಾಸಿಗಳನ್ನು ಹೊಕ್ಕುಳಲ್ಲಿ ಆತ್ಮ ಇಟ್ಟವರೆಂದು ಮೂದಲಿಸಿದಾಗ ಅವರ ಪರ ನಿಂತವರು ಗ್ರೆಗರಿ ಪಲಾಮಸ್. ದೇಹವೂ ದೇವರ ಕೃಪೆಗೆ ಪಾತ್ರ ಎಂಬ ಅವರ ನಿಲುವನ್ನು 1341 ಮತ್ತು 1351ರಲ್ಲಿ ಕಾನ್‌ಸ್ಟಾಂಟಿನೋಪಲ್‌ನ ಸಭೆಗಳು ಎತ್ತಿಹಿಡಿದವು. ಆ ಪಲಾಮಸ್‌ರಿಗೂ ಉಸಿರಿನ ಕ್ರಮ ಚಂಚಲ ಮನಸ್ಸಿನ ಹೊಸಬರಿಗೆ ಒಂದು ಊರೆಗೋಲು, ಅಷ್ಟೇ. 19ನೇ ಶತಮಾನದ ಬಿಷಪ್ ಥಿಯೋಫಾನ್ ಈ ಪ್ರಾರ್ಥನೆಯ ಬರಹಗಳ ಸಂಗ್ರಹವಾದ ಫಿಲೋಕಾಲಿಯಾವನ್ನು ರಷ್ಯನ್ ಭಾಷೆಗೆ ತರುವಾಗ ಉಸಿರು ಹಿಡಿಯುವ ಕೆಲವು ಭಾಗಗಳನ್ನೇ ಕೈಬಿಟ್ಟರು. ಗುರುವಿಲ್ಲದೆ ಉಸಿರು ಬಿಗಿಹಿಡಿದವರಿಗೆ ಎದೆನೋವು ಬರಬಹುದು, ಮೈ ಕಾವೇರಬಹುದು. ಆ ಕಾವನ್ನೇ, ಕಣ್ಣಿಗೆ ಕಂಡ ಬೆಳಕನ್ನೇ ದೇವರ ಅನುಗ್ರಹವೆಂದು ನಂಬಿಬಿಡುವುದು ಇನ್ನೂ ದೊಡ್ಡ ಅಪಾಯ. ರಷ್ಯನ್ನರು ಈ ಭ್ರಮೆಯನ್ನು ಪ್ರೆಲೆಸ್ತ್ ಎಂದು ಕರೆದು ಅದಕ್ಕೆ ಬಹಳ ಹೆದರುತ್ತಾರೆ.

ಗುರುತಿಸುವುದು ಹೇಗೆ? ಮಣೆಯಿಂದ ಎದ್ದವನಲ್ಲಿ ‘ನನಗೆ ಏನೋ ಸಿಕ್ಕಿತು’ ಎಂಬ ಬಿಂಕ ಬೆಳೆದಿದ್ದರೆ ದಾರಿ ತಪ್ಪಿದೆ. ತಾನು ಕರುಣೆ ಬೇಡುವವನೇ ಎಂಬ ಅರಿವು ಇನ್ನಷ್ಟು ಗಟ್ಟಿಯಾಗಿ, ಪಕ್ಕದವನ ತಪ್ಪು ಮೊದಲಿನಷ್ಟು ದೊಡ್ಡದಾಗಿ ಕಾಣದಿದ್ದರೆ ಪ್ರಾರ್ಥನೆ ಸರಿಯಾಗಿ ಸಾಗಿದೆ. ಉಸಿರಿನ ಮೊದಲರ್ಧದಲ್ಲಿ ಯಾರನ್ನು ಕರೆದನೋ ಅವನೇ ಮುಖ್ಯ. ಉಳಿದರ್ಧದಲ್ಲಿ ಅವನ ಮುಂದೆ ಕೈಯೊಡ್ಡುವುದಷ್ಟೇ ನಮ್ಮ ಪಾಲಿನ ಕೆಲಸ.